ಎಕ್ಸ್‌ಪೋರ್ಟ್ ನೂರಕ್ಕೆ ಬಂದು ಬೀಳುತ್ತಿದ್ದರೆ: 32 ಜಿಬಿ ಫೋನಿನಲ್ಲಿ ವಿಡಿಯೋ ಎಡಿಟಿಂಗ್

ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ನೂರಕ್ಕೆ ನೂರು ಆಯ್ತು, ಆದ್ರೂ ಗ್ಯಾಲರಿಯಲ್ಲಿ ವಿಡಿಯೋ ಇಲ್ಲ." ಮತ್ತೊಮ್ಮೆ ಎಕ್ಸ್‌ಪೋರ್ಟ್ ಒತ್ತಿದರೆ ಎಂಬತ್ತಕ್ಕೇ ನಿಲ್ಲುತ್ತದೆ. ಮೂರನೇ ಸಲ ಶುರುವಾಗುವುದೇ ಇಲ್ಲ. ಹೆಚ್ಚಿನವರು ಇಲ್ಲಿಗೆ ಬಂದಾಗ ಆ್ಯಪ್ ಕೆಟ್ಟಿದೆ ಎಂದುಕೊಂಡು ಅದನ್ನು ತೆಗೆದು ಮತ್ತೆ ಹಾಕುತ್ತಾರೆ. ಅದರೊಂದಿಗೆ ಎರಡು ದಿನ ಕೂತು ಮಾಡಿದ ಡ್ರಾಫ್ಟೂ ಹೋಗುತ್ತದೆ. ಹಾಗಾಗಿ ಮೊದಲ ಮಾತು: ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ, `Clear storage` ಕೂಡ ಒತ್ತಬೇಡಿ. ದೋಷ ಎಲ್ಲಿದೆ ಎಂದು ತಿಳಿದ ಮೇಲೆ ಕೈ ಹಾಕಿದರೆ ಸಾಕು.

ಎಲ್ಲಿ ನಿಂತಿತು ಎಂಬುದೇ ಸುಳಿವು

ಎಕ್ಸ್‌ಪೋರ್ಟ್ ಯಾವ ಶೇಕಡಾದಲ್ಲಿ ನಿಂತಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ಸಲ ನೋಡಿದರೆ ಕಾರಣ ಬಹುಮಟ್ಟಿಗೆ ಗೊತ್ತಾಗುತ್ತದೆ.

ಪ್ರತಿ ಸಲ ಒಂದೇ ಜಾಗದಲ್ಲಿ, ಉದಾಹರಣೆಗೆ 43ಕ್ಕೇ ನಿಂತರೆ ಸಾಮಾನ್ಯವಾಗಿ ಅದು ಸ್ಟೋರೇಜಿನ ಸಮಸ್ಯೆ ಅಲ್ಲ. ಟೈಮ್‌ಲೈನಿನ ಆ ಭಾಗದಲ್ಲಿರುವ ಕ್ಲಿಪ್ಪಿನದೇ ತೊಂದರೆ. ಆರು ನಿಮಿಷದ ವಿಡಿಯೋದಲ್ಲಿ ಶೇ. 43 ಎಂದರೆ ಸುಮಾರು 2 ನಿಮಿಷ 35 ಸೆಕೆಂಡ್. ಅಲ್ಲಿಗೆ ಹೋಗಿ ನೋಡಿ. ಸಾಮಾನ್ಯವಾಗಿ ಅದು ವಾಟ್ಸಾಪಿನಲ್ಲಿ ಅರ್ಧ ಇಳಿದ ಕ್ಲಿಪ್ ಆಗಿರುತ್ತದೆ, ಇಲ್ಲವೇ ಬೇರೆಯವರ ದುಬಾರಿ ಫೋನಿನಲ್ಲಿ ಎಚ್.265 ಎಂಬ ಸಂಕುಚನ ವಿಧಾನದಲ್ಲಿ ತೆಗೆದದ್ದಾಗಿರುತ್ತದೆ. ಎಚ್.265 ಕಡತ ಸಣ್ಣದಾಗಿರುತ್ತದೆ ನಿಜ, ಆದರೆ ಅದನ್ನು ಬಿಡಿಸಿ ಓದಲು ಅಗ್ಗದ ಪ್ರೊಸೆಸರು ತಿಣುಕುತ್ತದೆ. ಆ ಕ್ಲಿಪ್ ತೆಗೆದು ಎಕ್ಸ್‌ಪೋರ್ಟ್ ಮಾಡಿ ನೋಡಿ. ಸಲೀಸಾಗಿ ಮುಗಿದರೆ ಕಳ್ಳ ಸಿಕ್ಕಿದ ಹಾಗೆ.

ನಿಲ್ಲುವ ಜಾಗ ಗೊತ್ತುಗುರಿ ಇಲ್ಲದೆ ಬದಲಾಗುತ್ತ, ಯಾವ ಸಂದೇಶವೂ ಇಲ್ಲದೆ ಆ್ಯಪ್ ಸುಮ್ಮನೆ ಮಾಯವಾಗಿ ಹೋಂ ಸ್ಕ್ರೀನ್ ಬಂದರೆ ಅದು ರ‍್ಯಾಮ್ ಸಾಲದ ಲಕ್ಷಣ. 2 ಅಥವಾ 3 ಜಿಬಿ ರ‍್ಯಾಮಿನ ಫೋನಿನಲ್ಲಿ ಎಕ್ಸ್‌ಪೋರ್ಟ್ ನಡೆಯುವಾಗ ವಾಟ್ಸಾಪ್ ತೆರೆದರೂ ಸಾಕು, ಹಿಂದೆ ಇದ್ದ ಎಡಿಟರನ್ನು ಆಂಡ್ರಾಯ್ಡ್ ಮುಗಿಸಿಬಿಡುತ್ತದೆ. ಫೋನ್ ರೀಸ್ಟಾರ್ಟ್ ಮಾಡಿ, ಬೇರೆ ಏನನ್ನೂ ತೆರೆಯದೆ, ಪರದೆ ಆರದಂತೆ ಇಟ್ಟು ಎಕ್ಸ್‌ಪೋರ್ಟ್ ಮಾಡಿ.

ಇನ್ನುಳಿದದ್ದು ಈ ಬರಹದ ವಿಷಯ. ಮೊದಲ ಸಲ ಕೊನೆಯ ಹತ್ತಿರ ಬಿದ್ದು, ಎರಡನೇ ಸಲ ಅದಕ್ಕಿಂತ ಮೊದಲೇ ಬಿದ್ದು, ಹೀಗೆ ನಿಲ್ಲುವ ಜಾಗ ಹಿಂದೆ ಹಿಂದೆ ಸರಿಯುತ್ತಿದ್ದರೆ ಅದು ಸ್ಟೋರೇಜ್ ತುಂಬಿದ್ದರ ಲಕ್ಷಣ.

ಹಿಂದೆ ಸರಿಯುವುದೇಕೆ

ಒಂದು ಪ್ರಕರಣವನ್ನೇ ಹಿಡಿದು ನೋಡೋಣ. ಅಂಕೋಲಾ ಕಡೆಯ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ತೆಗೆದ ವಿಡಿಯೋ. ದೋಣಿ ಬಲೆ ಬಿಟ್ಟುಕೊಂಡು ಅರ್ಧಚಂದ್ರದ ಹಾಗೆ ಸುತ್ತಿ ಬರುವುದರಿಂದ ಹಿಡಿದು, ಎರಡೂ ಕಡೆ ಹಗ್ಗ ಹಿಡಿದ ಜನ ದಡಕ್ಕೆ ಎಳೆದು ಮೀನು ಸುರಿಯುವ ತನಕ ಒಟ್ಟು 26 ನಿಮಿಷದ ಕ್ಲಿಪ್‌ಗಳು. ಫೋನ್ 32 ಜಿಬಿ, ರ‍್ಯಾಮ್ 3 ಜಿಬಿ. ಅದರಿಂದ 6 ನಿಮಿಷದ ವಿಡಿಯೋ ಮಾಡಬೇಕು. ಫೋನಿನಲ್ಲಿ ಖಾಲಿ ಇದ್ದದ್ದು 1300 ಎಂಬಿ.

ವಿಡಿಯೋ ಕಡತದ ಗಾತ್ರ ರೆಸಲ್ಯೂಶನ್ನಿಗಿಂತ ಬಿಟ್‌ರೇಟಿನ ಮಾತು ಕೇಳುತ್ತದೆ. ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರೆಯುತ್ತದೆ ಎಂಬುದೇ ಬಿಟ್‌ರೇಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಲೆಕ್ಕ ಇಷ್ಟೇ:

```
ಗಾತ್ರ (ಎಂಬಿ) = ಬಿಟ್‌ರೇಟ್ (Mbps) × ಸೆಕೆಂಡ್ ÷ 8
```

ಆ್ಯಪ್ ತಾನಾಗಿ ಆರಿಸಿಕೊಂಡಿದ್ದು 1080p, 16 Mbps. ಆರು ನಿಮಿಷ ಎಂದರೆ 360 ಸೆಕೆಂಡ್. 16 × 360 ÷ 8 = 720 ಎಂಬಿ. ಧ್ವನಿಗೆ ಮೇಲೆ ಆರೇಳು ಎಂಬಿ, ಅದನ್ನು ಬಿಡಿ. 1300 ಎಂಬಿ ಖಾಲಿ ಇದೆ, ಬೇಕಾದದ್ದು 720, ಧಾರಾಳ ಸಾಕು ಎನ್ನಿಸುತ್ತದೆ. ಎಡವುವುದು ಇಲ್ಲೇ.

ಬಹಳಷ್ಟು ಎಡಿಟರ್‌ಗಳು ಸಿದ್ಧ ವಿಡಿಯೋವನ್ನು ನೇರ ಗ್ಯಾಲರಿಗೆ ಬರೆಯುವುದಿಲ್ಲ. ಮೊದಲು ತಮ್ಮದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಕಡತ ಬರೆದು, ಅದು ಪೂರ್ತಿಯಾದ ಮೇಲೆ ಗ್ಯಾಲರಿಗೆ ನಕಲು ಮಾಡುತ್ತವೆ. ನಕಲು ಮುಗಿಯುವ ತನಕ ಎರಡೂ ಫೋನಿನಲ್ಲಿರುತ್ತವೆ. ತಾತ್ಕಾಲಿಕ ಕಡತಕ್ಕೆ 720 ಹೋಯಿತು, ಉಳಿದದ್ದು 580. ಪರದೆ ಮೇಲೆ ನೂರು ತೋರಿಸುವುದು ಈ ಹಂತದಲ್ಲಿ. ಆಮೇಲೆ 580ರ ಜಾಗಕ್ಕೆ 720ರ ನಕಲು ತುರುಕಲು ಹೋಗಿ ಬೀಳುತ್ತದೆ. ಅರ್ಧ ಆದ ನಕಲನ್ನು ಆ್ಯಪ್ ಅಳಿಸಿರಬಹುದು, ಆದರೆ ತಾತ್ಕಾಲಿಕ ಕಡತ ಅಲ್ಲೇ ಕೂತಿದೆ. ಎರಡನೇ ಸಲ ಎಕ್ಸ್‌ಪೋರ್ಟ್ ಒತ್ತಿದಾಗ ಇರುವುದೇ 580. ಅದನ್ನು 720ರಿಂದ ಭಾಗಿಸಿ: ಶೇ. 80. ಅಲ್ಲಿಗೇ ನಿಂತಿತು. ಮೂರನೇ ಸಲಕ್ಕೆ ಜಾಗವೇ ಇಲ್ಲ.

ಅರ್ಧ ಆದ ಕಡತ ಸಿಕ್ಕಿದರೂ ಉಪಯೋಗ ಇಲ್ಲ. ಎಂಪಿ4ನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಗೆ ಬರೆಯುತ್ತಾರೆ. ಅದಕ್ಕೆ ಮೊದಲೇ ನಿಂತ ಕಡತ 500 ಎಂಬಿ ಇದ್ದರೂ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಹೋಗಿ ಹೊತ್ತು ಕಳೆಯಬೇಡಿ.

ಇನ್ನೊಂದು ಅಂಶ ಸೇರಿಸಬೇಕು. ಖಾಲಿ ಜಾಗ ಸುಮಾರು 500 ಎಂಬಿಗಿಂತ ಕೆಳಗೆ ಇಳಿದರೆ ಆಂಡ್ರಾಯ್ಡ್ ಎಚ್ಚರಿಕೆ ಕೊಡುತ್ತದೆ, ಆ್ಯಪ್‌ಗಳ ಕ್ಯಾಶೆಯನ್ನು ತಾನೇ ಅಳಿಸಲು ಶುರುಮಾಡುತ್ತದೆ. ಎಡಿಟರಿನ ಪ್ರಿವ್ಯೂ ಕಡತಗಳೂ ಆ ಗುಡಿಸುವಿಕೆಯಲ್ಲಿ ಹೋಗಿ ಟೈಮ್‌ಲೈನ್ ತಡವರಿಸುತ್ತದೆ. ಆದ್ದರಿಂದ ಎಕ್ಸ್‌ಪೋರ್ಟಿಗೆ ಮೊದಲು ಇರಬೇಕಾದ ಜಾಗ: ಸಿದ್ಧ ಕಡತದ ಎರಡು ಪಾಲು, ಅದರ ಮೇಲೆ 600 ಎಂಬಿ. ರಂಪಣಿ ವಿಡಿಯೋಕ್ಕೆ 16 Mbpsನಲ್ಲಿ 2040 ಎಂಬಿ ಬೇಕಿತ್ತು. ಇದ್ದದ್ದು 1300.

ಜಾಗ ಬಿಡಿಸುವ ಕ್ರಮ

ಕ್ರಮ ಎಂದದ್ದಕ್ಕೆ ಕಾರಣ ಇದೆ. ಹಿಂದುಮುಂದಾದರೆ ಡ್ರಾಫ್ಟ್ ಕಳೆದುಕೊಳ್ಳುತ್ತೀರಿ.

ಮೊದಲು ಫೋನ್ ರೀಸ್ಟಾರ್ಟ್ ಮಾಡಿ, ಎಡಿಟರ್ ತೆರೆದು ಒಂದು ನಿಮಿಷ ಸುಮ್ಮನೆ ಬಿಡಿ. ಹಿಂದಿನ ಸಲ ಬಿದ್ದುಹೋದ ಎಕ್ಸ್‌ಪೋರ್ಟಿನ ಅವಶೇಷವನ್ನು ಕೆಲವು ಆ್ಯಪ್‌ಗಳು ತೆರೆದಾಗ ತಾವೇ ಅಳಿಸುತ್ತವೆ. ಈ ಪ್ರಕರಣದಲ್ಲಿ ಇಷ್ಟಕ್ಕೇ ಹಳೆಯ 1300 ಎಂಬಿ ವಾಪಸ್ ಬಂತು.

ಆಮೇಲೆ `Settings > Apps` ಒಳಗೆ ಎಡಿಟರ್ ಹುಡುಕಿ `Storage` ತೆರೆಯಿರಿ. ಅಲ್ಲಿ ಮೂರು ಅಂಕಿ ಕಾಣುತ್ತವೆ. ಇಲ್ಲಿ ಕಂಡದ್ದು ಹೀಗೆ: ಆ್ಯಪ್ 140 ಎಂಬಿ, ಬಳಕೆದಾರರ ಡೇಟಾ 1.7 ಜಿಬಿ, ಕ್ಯಾಶೆ 380 ಎಂಬಿ. ಈ ಮೂರನ್ನು ಬೇರೆಬೇರೆಯಾಗಿ ಓದಬೇಕು. ಕ್ಯಾಶೆ ಎಂದರೆ ಟೈಮ್‌ಲೈನಿನ ಪುಟ್ಟ ಚಿತ್ರಗಳು, ಧ್ವನಿಯ ಅಲೆ, ಪ್ರಿವ್ಯೂ. ಅಳಿಸಿದರೆ ಮತ್ತೆ ಹುಟ್ಟುತ್ತದೆ. ಡ್ರಾಫ್ಟ್, ಇಳಿಸಿಕೊಂಡ ಫಾಂಟ್, ಹಾಡು, ಉಲ್ಟಾ ಓಡಿಸಿದ ಕ್ಲಿಪ್ ಎಲ್ಲ ಇರುವುದು ಡೇಟಾದಲ್ಲಿ. `Clear cache` ಒತ್ತಿದರೆ 380 ಸಿಗುತ್ತದೆ, ಏನೂ ಹಾಳಾಗುವುದಿಲ್ಲ. ಪಕ್ಕದಲ್ಲೇ ಇರುವ `Clear storage` ಒತ್ತಿದರೆ ಎಲ್ಲ ಡ್ರಾಫ್ಟೂ ಒಟ್ಟಿಗೆ ಹೋಗುತ್ತವೆ. ಕೆಲವು ಫೋನಿನಲ್ಲಿ ಅದರ ಹೆಸರು `Clear data`. ಎರಡೂ ಬಟನ್ ಅಕ್ಕಪಕ್ಕ ಇಟ್ಟವರ ಮೇಲೆ ಸಿಟ್ಟು ಬಂದರೆ ತಪ್ಪಲ್ಲ.

ಡೇಟಾದ 1.7 ಜಿಬಿ ಕಡಿಮೆ ಮಾಡಬೇಕಾದರೆ ಆ್ಯಪಿನ ಒಳಗಿಂದಲೇ ಮಾಡಬೇಕು. ಹಳೆಯ ಡ್ರಾಫ್ಟ್‌ಗಳನ್ನು ಒಂದೊಂದಾಗಿ ಅಳಿಸಿ. ಇಲ್ಲಿ ಹೋದ ವರ್ಷದ ಎರಡು ಡ್ರಾಫ್ಟ್ ಇದ್ದವು. ಎರಡರ ಸಿದ್ಧ ವಿಡಿಯೋವೂ ಆಗಲೇ ಪೆನ್‌ಡ್ರೈವಿನಲ್ಲಿತ್ತು, ಆದ್ದರಿಂದ ಅಳಿಸಿದ್ದಾಯಿತು. 900 ಎಂಬಿ ಸಿಕ್ಕಿತು. ಆಂಡ್ರಾಯ್ಡ್ 11ರಿಂದೀಚೆಗೆ ಆ್ಯಪ್‌ಗಳ `Android/data` ಫೋಲ್ಡರಿಗೆ ಫೈಲ್ ಮ್ಯಾನೇಜರ್ ಸಾಮಾನ್ಯವಾಗಿ ಹೋಗಲಾರದು. ಹಾಗಾಗಿ ಹೊರಗಿನಿಂದ ಹುಡುಕಿ ಅಳಿಸುವ ಹಳೆಯ ಉಪಾಯ ಈಗ ನಡೆಯುವುದಿಲ್ಲ.

ಅಲ್ಲಿಗೆ ಲೆಕ್ಕ: 1300, 380, 900 ಸೇರಿ 2580 ಎಂಬಿ.

ಇಷ್ಟಾದರೂ ಸಾಲದಿದ್ದರೆ ಕಸದ ಬುಟ್ಟಿ ನೋಡಿ. ಗ್ಯಾಲರಿಯಲ್ಲಿ ಅಳಿಸಿದ ವಿಡಿಯೋ ತಕ್ಷಣ ಹೋಗುವುದಿಲ್ಲ. ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ ಆಗದ ಕಡತ 30 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಅಷ್ಟೂ ದಿನ ಜಾಗ ತಿನ್ನುತ್ತದೆ. ಖಾಲಿ ಮಾಡಿದರೆ ಮಾತ್ರ ಬಿಡುಗಡೆ.

ತೆಗೆದ ಕ್ಲಿಪ್‌ಗಳ ಹೊರೆ

ಸಾಮಾನ್ಯ ಫೋನಿನ ಕ್ಯಾಮೆರಾ 1080pಯಲ್ಲಿ ಸುಮಾರು 17 Mbps ಬರೆಯುತ್ತದೆ, ಅಂದರೆ ನಿಮಿಷಕ್ಕೆ 130 ಎಂಬಿಯ ಆಸುಪಾಸು. 26 ನಿಮಿಷಕ್ಕೆ 3.3 ಜಿಬಿ. ಅದರಲ್ಲಿ ಎಡಿಟಿಂಗಿಗೆ ಬೇಕಾದದ್ದು 9 ನಿಮಿಷದ ಚೂರುಗಳು ಮಾತ್ರ. ಉಳಿದ 17 ನಿಮಿಷ ಕ್ಯಾಮೆರಾ ಆನ್ ಮಾಡಿ ದೋಣಿಗೆ ಕಾದದ್ದು.

ಎಡಿಟರಿಗೆ ಹಾಕುವ ಮೊದಲೇ ಗ್ಯಾಲರಿಯಲ್ಲಿ ಟ್ರಿಮ್ ಮಾಡಿ. ಒಂದು ಕ್ಲಿಪ್ ಕತ್ತರಿಸಿ, ನಕಲು ಉಳಿಸಿ, ಅದನ್ನು ಕೊನೆಯ ತನಕ ಓಡಿಸಿ ನೋಡಿ, ಆಮೇಲೆ ಮೂಲ ಅಳಿಸಿ ಟ್ರ್ಯಾಶ್ ಖಾಲಿ ಮಾಡಿ, ಮುಂದಿನ ಕ್ಲಿಪ್ಪಿಗೆ ಹೋಗಿ. ಎಲ್ಲವನ್ನೂ ಟ್ರಿಮ್ ಮಾಡಿ ಕೊನೆಗೆ ಅಳಿಸೋಣ ಎಂದರೆ ನಡುವೆಯೇ ಜಾಗ ಮುಗಿಯುತ್ತದೆ. ಎಡಿಟರಿನ ಟೈಮ್‌ಲೈನಿನಲ್ಲಿ ಕತ್ತರಿಸಿದರೆ ಒಂದು ಎಂಬಿಯೂ ಉಳಿಯದು. ಅಲ್ಲಿ ಕತ್ತರಿಸಿದ್ದು ಕಣ್ಣಿಗೆ ಮಾತ್ರ, ಮೂಲ ಕಡತ ಪೂರ್ತಿ ಹಾಗೇ ಇರುತ್ತದೆ.

ಮೂಲವನ್ನು ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಫೋನಿಗೇ ನೇರ ಚುಚ್ಚುವ ಒಟಿಜಿ ಪೆನ್‌ಡ್ರೈವಿಗೆ ನಕಲು ಮಾಡಿ. ದೇವಿಮನೆ ಘಾಟಿ ಹತ್ತಿ ಶಿರಸಿ, ಸಿದ್ದಾಪುರ ಕಡೆಯ ಮನೆಗಳಲ್ಲಿ ಕೂತು 3 ಜಿಬಿಯನ್ನು ಕ್ಲೌಡಿಗೆ ಏರಿಸುತ್ತೇನೆ ಎಂದರೆ ಮಳೆಗಾಲ ಮುಗಿದೀತು. ಕೆಲವು ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಒಟಿಜಿ ಸ್ವಿಚ್ ಹಾಕಬೇಕು. ಹತ್ತು ನಿಮಿಷ ಬಳಸದಿದ್ದರೆ ಅದು ತಾನೇ ಆರುತ್ತದೆ, ಪೆನ್‌ಡ್ರೈವ್ ಕೆಟ್ಟಿತು ಎಂದುಕೊಳ್ಳಬೇಡಿ. ನಕಲಾದ ಮೇಲೆ ಎರಡೂ ಕಡೆಯ ಗಾತ್ರ ಹೋಲಿಸಿ, ಕೊನೆಯ ಕಡತವನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ಆಮೇಲೆ ಫೋನಿನದ್ದನ್ನು ಅಳಿಸಿ.

ಈ ಕೆಲಸವೆಲ್ಲ ಎಡಿಟಿಂಗ್ ಶುರುವಾಗುವ ಮೊದಲು. ಡ್ರಾಫ್ಟಿನೊಳಗೆ ಬಂದ ಕ್ಲಿಪ್ಪನ್ನು ಮೆಮೊರಿ ಕಾರ್ಡಿಗೆ ಸರಿಸಿದರೆ, ಹೆಸರು ಬದಲಿಸಿದರೂ ಸಹ, ಮೂಲಕ್ಕೆ ಕೊಂಡಿ ಇಟ್ಟುಕೊಳ್ಳುವ ಆ್ಯಪಿಗೆ ಅದು ಸಿಗುವುದಿಲ್ಲ. ಟೈಮ್‌ಲೈನಿನಲ್ಲಿ ಕಪ್ಪು ಚೌಕ ಕಾಣುತ್ತದೆ. ಹಳೆಯ ಜಾಗಕ್ಕೆ, ಹಳೆಯ ಹೆಸರಿನಲ್ಲೇ ವಾಪಸ್ ಇಟ್ಟರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಆ್ಯಪ್ ಆರಿಸುವಾಗ ಮಾಡಬೇಕಾದ ಒಂದು ಪರೀಕ್ಷೆ

ಪ್ಲೇಸ್ಟೋರಿನಲ್ಲಿ ತೋರಿಸುವ ಗಾತ್ರ ನೋಡಿ ಆರಿಸಬೇಡಿ. 60 ಎಂಬಿಯ ಆ್ಯಪ್ ಎರಡು ಜಿಬಿ ತಿಂದೀತು, 150 ಎಂಬಿಯದ್ದು ಅಚ್ಚುಕಟ್ಟಾಗಿರಬಹುದು. ಕೇಳಬೇಕಾದ ಪ್ರಶ್ನೆ: ಇದು ನನ್ನ ಕ್ಲಿಪ್ಪಿಗೆ ಕೊಂಡಿ ಇಟ್ಟುಕೊಳ್ಳುತ್ತದೆಯೋ, ಪೂರ್ತಿ ನಕಲು ಮಾಡಿಕೊಳ್ಳುತ್ತದೆಯೋ?

ತಿಳಿಯಲು ಐದು ನಿಮಿಷ ಸಾಕು. ಆ್ಯಪಿನ `Storage` ಪುಟದ ಡೇಟಾ ಮತ್ತು ಕ್ಯಾಶೆ ಅಂಕಿ ಬರೆದಿಟ್ಟುಕೊಳ್ಳಿ. 200 ಎಂಬಿಯ ಒಂದು ಕ್ಲಿಪ್ ಹೊಸ ಪ್ರಾಜೆಕ್ಟಿಗೆ ಹಾಕಿ, ಎರಡು ತುಂಡು ಮಾಡಿ, ಹೊರಬನ್ನಿ. ಮತ್ತೆ ಅದೇ ಪುಟ ನೋಡಿ. ಹತ್ತು ಹದಿನೈದು ಎಂಬಿ ಏರಿದ್ದರೆ ಕೊಂಡಿ ಮಾತ್ರ, ಚಿಂತೆ ಇಲ್ಲ. ಡೇಟಾ 200ರ ಹತ್ತಿರ ಏರಿದ್ದರೆ ನಕಲು ಮಾಡುವ ಜಾತಿ, 32 ಜಿಬಿಯವರಿಗೆ ಅಲ್ಲ. ನಂತರ ಆ ಪ್ರಾಜೆಕ್ಟ್ ಅಳಿಸಿ, ಅಂಕಿ ಇಳಿಯಿತೇ ನೋಡಿ. ಇಳಿಯದ ಆ್ಯಪನ್ನು ಅವತ್ತೇ ತೆಗೆದುಹಾಕಿ. ಆವೃತ್ತಿ ಬದಲಾದಂತೆ ಆ್ಯಪಿನ ನಡವಳಿಕೆಯೂ ಬದಲಾಗುತ್ತದೆ, ಹಾಗಾಗಿ ಪಕ್ಕದ ಮನೆಯವರು ಹೇಳಿದ್ದಕ್ಕಿಂತ ನಿಮ್ಮ ಫೋನಿನಲ್ಲಿ ಕಂಡದ್ದೇ ಲೆಕ್ಕ.

ಇನ್ನೊಂದು ಬೇಕಾದ್ದು ಎಕ್ಸ್‌ಪೋರ್ಟ್ ಬಿಟ್‌ರೇಟನ್ನು ಕೈಯಾರೆ ಇಳಿಸುವ ಅವಕಾಶ. ವಿಎನ್ ಮತ್ತು ಕೈನ್‌ಮಾಸ್ಟರ್‌ಗಳಲ್ಲಿ ಅದಕ್ಕೆ ಸ್ಲೈಡರ್ ಇದೆ. ಕೈನ್‌ಮಾಸ್ಟರಿನ ಉಚಿತ ಆವೃತ್ತಿ ತನ್ನ ಗುರುತು ಒತ್ತುತ್ತದೆ. ಬರೀ ಕತ್ತರಿಸಿ ಜೋಡಿಸಿ ಹಾಡು ಹಾಕುವವರಿಗೆ ಯೂಕಟ್‌ನಂಥ ಸರಳ ಆ್ಯಪ್ ಸಾಕು. ಆದರೆ ಎರಡು ಎಡಿಟರ್ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಎರಡರ ಕ್ಯಾಶೆಯೂ ಬೆಳೆಯುತ್ತದೆ.

ಯಾವ ಆ್ಯಪಾದರೂ ಕ್ಲಿಪ್ಪನ್ನು ಉಲ್ಟಾ ಓಡಿಸಿದರೆ ಅಥವಾ ಅಲುಗಾಟ ತೆಗೆದರೆ ಹೊಸ ಕಡತವನ್ನೇ ಬರೆಯುವುದು ಹೆಚ್ಚು. ಎರಡು ನಿಮಿಷದ ಕ್ಲಿಪ್ಪಿನಲ್ಲಿ ಮೂರು ಸೆಕೆಂಡಿನ ಅಲೆಯನ್ನು ಹಿಮ್ಮುಖ ಮಾಡಬೇಕಿದ್ದರೆ ಮೊದಲು ಆ ಮೂರು ಸೆಕೆಂಡನ್ನು ಕತ್ತರಿಸಿ ಬೇರೆ ಮಾಡಿ, ಆಮೇಲೆ ಉಲ್ಟಾ ಮಾಡಿ. ಇಲ್ಲದಿದ್ದರೆ ಎರಡು ನಿಮಿಷವೂ ಉಲ್ಟಾ ಆಗಿ 250 ಎಂಬಿ ಕೂತುಬಿಡಬಹುದು.

ಬಿಟ್‌ರೇಟ್ ಎಷ್ಟು ಇಳಿಸಬಹುದು

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ, ಏಕೆಂದರೆ ಅದು ದೃಶ್ಯದ ಮೇಲೆ ನಿಂತಿದೆ. ವಿಡಿಯೋ ಸಂಕುಚನ ಮಾಡುವಾಗ ಹಿಂದಿನ ಚೌಕಟ್ಟಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆಯುತ್ತಾರೆ. ಜಗಲಿಯಲ್ಲಿ ಕೂತು ಮಾತಾಡುವವರ ವಿಡಿಯೋದಲ್ಲಿ ಗೋಡೆ ಅಲುಗುವುದಿಲ್ಲ, ಬರೆಯಲು ಹೆಚ್ಚೇನಿಲ್ಲ. 1080pಯಲ್ಲಿ 5 Mbps ಕೊಟ್ಟರೂ ಚೆನ್ನಾಗಿಯೇ ಬರುತ್ತದೆ. ಕಡಲು ಹಾಗಲ್ಲ. ನೊರೆ, ಹೊಳೆಯುವ ನೀರು, ಗಾಳಿಗೆ ಅಲುಗುವ ಅಡಿಕೆ ಸೋಗೆ, ಮಳೆ, ಇವುಗಳಲ್ಲಿ ಪರದೆಯ ಪ್ರತಿ ಮೂಲೆಯೂ ಪ್ರತಿ ಚೌಕಟ್ಟಿಗೆ ಬದಲಾಗುತ್ತದೆ. ಬಿಟ್ ಸಾಲದಿದ್ದರೆ ನೊರೆಯ ಜಾಗದಲ್ಲಿ ಬೂದು ಚೌಕಗಳು ಎದ್ದು ಕಾಣುತ್ತವೆ. ರಾತ್ರಿ ಯಕ್ಷಗಾನದ ವಿಡಿಯೋದಲ್ಲೂ ಇದೇ ಕಥೆ: ರಂಗದ ಹಿಂದಿನ ಕತ್ತಲಲ್ಲಿ ಅಗ್ಗದ ಕ್ಯಾಮೆರಾ ಹುಟ್ಟಿಸುವ ಕಾಳುಕಾಳು ಸದಾ ಕುಣಿಯುತ್ತಿರುತ್ತದೆ, ಬಿಟ್ ಎಲ್ಲ ಅದಕ್ಕೇ ಹೋಗಿ ವೇಷದ ಮುಖವರ್ಣಿಕೆ ಮಸುಕಾಗುತ್ತದೆ.

ಆದ್ದರಿಂದ ನಿಮ್ಮ ವಿಡಿಯೋದ ಅತಿ ಕಷ್ಟದ 15 ಸೆಕೆಂಡನ್ನು ಬೇರೆ ಪ್ರಾಜೆಕ್ಟಿಗೆ ಹಾಕಿ ಮೂರು ಬಿಟ್‌ರೇಟಿನಲ್ಲಿ ಎಕ್ಸ್‌ಪೋರ್ಟ್ ಮಾಡಿ. 10 Mbpsನಲ್ಲೂ ಅದು 19 ಎಂಬಿ ಮಾತ್ರ, ಜಾಗಕ್ಕೆ ಭಾರವಲ್ಲ. ರಂಪಣಿ ವಿಡಿಯೋದಲ್ಲಿ ಬಲೆ ದಡ ಮುಟ್ಟುವ, ಕಾಲಡಿ ನೊರೆ ಸಿಡಿಯುವ ತುಣುಕನ್ನು ಹೀಗೆ ನೋಡಿದಾಗ 5ರಲ್ಲಿ ನೊರೆ ಕಲಸಿದ ಹಿಟ್ಟಿನಂತಾಗಿತ್ತು, 8ರಲ್ಲಿ ಹಗ್ಗದ ಎಳೆ ಅಳಿಸಿತ್ತು, 10ರಲ್ಲಿ 16ಕ್ಕೂ ಅದಕ್ಕೂ ಫೋನಿನ ಪರದೆಯಲ್ಲಿ ಭೇದ ಕಾಣಲಿಲ್ಲ.

10 Mbps ಎಂದರೆ 450 ಎಂಬಿ. ಎರಡು ಪಾಲು 900, ಮೇಲೆ 600, ಒಟ್ಟು 1500. ಇದ್ದದ್ದು 2580. ಮೊದಲ ಸಲಕ್ಕೇ ಮುಗಿಯಿತು.

ಒಂದುವೇಳೆ 1500 ಕೂಡ ಸಿಗದಿದ್ದರೆ ಬಿಟ್‌ರೇಟನ್ನು ಇನ್ನೂ ಹಿಂಡುವುದಕ್ಕಿಂತ ರೆಸಲ್ಯೂಶನ್ ಇಳಿಸುವುದು ಮೇಲು. 720pಯಲ್ಲಿ ಚುಕ್ಕಿಗಳ ಸಂಖ್ಯೆ 1080pಯ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಅದೇ 5 Mbpsನಲ್ಲಿ ಪ್ರತಿ ಚುಕ್ಕಿಗೆ ಎರಡು ಪಟ್ಟಿಗೂ ಹೆಚ್ಚು ಬಿಟ್ ಸಿಗುತ್ತದೆ. 5 Mbpsನ 720p ಕಡಲು, 5 Mbpsನ 1080p ಕಡಲಿಗಿಂತ ಚೊಕ್ಕ. ಕಡತ 225 ಎಂಬಿ. ಫ್ರೇಮ್‌ರೇಟ್ ತೆಗೆದಾಗ ಇದ್ದದ್ದೇ ಇರಲಿ. 30ರಲ್ಲಿ ತೆಗೆದದ್ದನ್ನು 60ಕ್ಕೆ ಏರಿಸಿದರೆ ನಯ ಬರುವುದಿಲ್ಲ, ಕೆಲಸ ಮಾತ್ರ ದುಪ್ಪಟ್ಟು. ಎಕ್ಸ್‌ಪೋರ್ಟಿಗೆ ಎಚ್.264 ಆರಿಸಿ, ಹಳೆಯ ಫೋನ್ ಟಿವಿ ಎಲ್ಲದರಲ್ಲೂ ಓಡುತ್ತದೆ.

ಎಕ್ಸ್‌ಪೋರ್ಟ್ ಆಗುವಾಗ ಫೋನಿನ ರಬ್ಬರ್ ಕವರ್ ತೆಗೆದು ಫ್ಯಾನಿನ ಕೆಳಗೆ ಇಡಿ. ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಫೋನ್ ಕಾದರೆ ಪ್ರೊಸೆಸರು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆರು ನಿಮಿಷದ ವಿಡಿಯೋ ಅರ್ಧ ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ.

ಮುಗಿದ ಮೇಲೆ

ಸಿದ್ಧ ವಿಡಿಯೋದ ಕೊನೆಯ ಹತ್ತು ಸೆಕೆಂಡ್ ಓಡಿಸಿ ನೋಡಿ, ತುಟಿಗೂ ಮಾತಿಗೂ ಹೊಂದಿಕೆ ಇದೆಯೇ ಎಂದೂ ನೋಡಿ. ಸರಿ ಇದ್ದರೆ ಪೆನ್‌ಡ್ರೈವಿಗೆ ಹಾಕಿ, ಆಮೇಲೆ `Clear cache`. ಡ್ರಾಫ್ಟ್ ಒಂದು ವಾರ ಇರಲಿ, ಯಾರಾದರೂ ಹೆಸರು ತಪ್ಪಾಗಿದೆ ಎಂದು ಹೇಳಿಯೇ ಹೇಳುತ್ತಾರೆ.

ವಾಟ್ಸಾಪಿನಲ್ಲಿ ಗುಣಮಟ್ಟ ಕೆಡದಂತೆ ಕಳಿಸಬೇಕಾದರೆ ಡಾಕ್ಯುಮೆಂಟ್ ಎಂದು ಲಗತ್ತಿಸಿ, 2 ಜಿಬಿ ತನಕ ಹೋಗುತ್ತದೆ. ಆದರೆ ಹಾಗೆ ಕಳಿಸಿದ್ದರ ನಕಲು ಫೋನಿನಲ್ಲೇ `WhatsApp Documents/Sent` ಫೋಲ್ಡರಿನಲ್ಲಿ ಉಳಿದಿರಬಹುದು, ಮತ್ತೊಂದು 450 ಎಂಬಿ. ಅದು ಗ್ಯಾಲರಿಯಲ್ಲಿ ಕಾಣದು. ಫೈಲ್ ಮ್ಯಾನೇಜರಿನಲ್ಲಿ `Android/media/com.whatsapp/WhatsApp/Media` ತೆರೆದರೆ ಸಿಗುತ್ತದೆ. ಎದುರಿನವರು ಇಳಿಸಿಕೊಂಡದ್ದು ಖಾತ್ರಿಯಾದ ಮೇಲೆ ಅಳಿಸಿ.